ಬರೆದ ಭಾಷಣವನ್ನು ಟೆಲಿಪ್ರಾಂಪ್ಟರ್‌ಗೆ ಹೊಂದಿಸುವುದು: ದೊಡ್ಡ ಅಕ್ಷರ, ಗಿಡ್ಡ ಸಾಲು, ಗುರುತು ಹಾಕಿದ ನಿಲುಗಡೆ

ನವೆಂಬರ್ ಹತ್ತಿರ ಬಂತೆಂದರೆ ರಾಜ್ಯೋತ್ಸವದ ಸಂದೇಶಗಳ ವಿಡಿಯೋ ಶೂಟಿಂಗ್ ಶುರುವಾಗುತ್ತದೆ. ಕಾಲೇಜಿನ ಪ್ರಿನ್ಸಿಪಾಲರು, ಸಂಘದ ಅಧ್ಯಕ್ಷರು, ಬ್ಯಾಂಕಿನ ಮ್ಯಾನೇಜರು, ಹೊರದೇಶದ ಕನ್ನಡ ಕೂಟದವರು, ಎಲ್ಲರೂ ಕ್ಯಾಮೆರಾ ಮುಂದೆ ಐದು ನಿಮಿಷ ಮಾತಾಡಬೇಕು. ಭಾಷಣ ಬರೆದಿರುತ್ತಾರೆ, ಚೆನ್ನಾಗಿಯೇ ಬರೆದಿರುತ್ತಾರೆ. ಅದನ್ನು ಹಾಗೇ ಕಾಪಿ ಮಾಡಿ ಪ್ರಾಂಪ್ಟರ್ ಆ್ಯಪ್‌ಗೆ ಪೇಸ್ಟ್ ಮಾಡಿ, ಅಕ್ಷರ ಒಂದಿಷ್ಟು ದೊಡ್ಡದು ಮಾಡಿ, ಪ್ಲೇ ಒತ್ತುತ್ತಾರೆ. ಆಮೇಲೆ ನೋಡಿದರೆ ಕಣ್ಣು ಎಡಕ್ಕೂ ಬಲಕ್ಕೂ ಓಡಾಡುತ್ತಿರುತ್ತದೆ, ಉಸಿರು ಎಲ್ಲೆಲ್ಲೋ ಕಟ್ಟುತ್ತದೆ, ಪ್ರತಿ ಸಾಲಿನ ಕೊನೆಗೂ ದನಿ ಇಳಿದು ಪಟ್ಟಿ ಓದಿದ ಹಾಗೆ ಕೇಳುತ್ತದೆ.

ತಪ್ಪು ಓದುವವರದ್ದಲ್ಲ, ಪಠ್ಯ ಕೂತಿರುವ ರೀತಿಯದ್ದು. ಕಾಗದದ ಮೇಲೆ ಸಾಲು ಎಲ್ಲಿ ಮುಗಿಯುತ್ತದೆ ಅನ್ನುವುದಕ್ಕೆ ಅರ್ಥವೇ ಇಲ್ಲ, ಜಾಗ ಮುಗಿದಲ್ಲಿ ಸಾಲು ಮುಗಿಯುತ್ತದೆ. ಪ್ರಾಂಪ್ಟರ್‌ನಲ್ಲಿ ಹಾಗಲ್ಲ. ಅಲ್ಲಿ ಸಾಲು ಮುಗಿದ ಕಡೆ ಬಾಯಿಯೂ ಒಂದು ಕ್ಷಣ ನಿಲ್ಲುತ್ತದೆ, ಬೇಕಾದರೂ ಬೇಡವಾದರೂ. ಹಾಗಾಗಿ ಸಾಲನ್ನು ಎಲ್ಲಿ ಮುರಿಯಬೇಕು ಅನ್ನುವುದು ಅಂದದ ವಿಷಯ ಅಲ್ಲ, ಭಾಷಣ ಹೇಗೆ ಕೇಳಿಸಬೇಕು ಅನ್ನುವ ತೀರ್ಮಾನ.

ಇಲ್ಲಿ ನಾನು ತೆಗೆದುಕೊಳ್ಳುವುದು ತುಂಬಾ ಸಾಮಾನ್ಯವಾದ ಒಂದು ವ್ಯವಸ್ಥೆ. ಕ್ಯಾಮೆರಾ ಮುಂದೆ ಓರೆಯಾಗಿ ನಿಲ್ಲಿಸಿದ ಗಾಜು, ಅದರ ಕೆಳಗೆ ಮಲಗಿಸಿದ 10 ಇಂಚಿನ ಟ್ಯಾಬ್, ಸುಮಾರು ಎರಡು ಮೀಟರ್ ದೂರದಲ್ಲಿ ಮಾತಾಡುವವರು. ಟ್ಯಾಬ್‌ನ ಅಕ್ಷರ ಗಾಜಿನಲ್ಲಿ ಪ್ರತಿಫಲಿಸುತ್ತದೆ, ಗಾಜಿನ ಹಿಂದಿನ ಕ್ಯಾಮೆರಾಗೆ ಅದು ಕಾಣುವುದಿಲ್ಲ. ನಿಮ್ಮ ಹತ್ತಿರ ಬೇರೆ ಅಳತೆಯ ಸ್ಕ್ರೀನ್ ಇದ್ದರೆ ಅಂಕಿಗಳು ಬದಲಾಗುತ್ತವೆ, ಕೆಲಸದ ಕ್ರಮ ಇದೇ.

ಮೊದಲು ಪಠ್ಯ ಯುನಿಕೋಡ್‌ನಲ್ಲಿದೆಯಾ ನೋಡಿ

ಕಚೇರಿಗಳಿಂದ ಬರುವ ಭಾಷಣ ಇವತ್ತಿಗೂ ಎಷ್ಟೋ ಸಲ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆಗಿರುತ್ತದೆ. ವರ್ಡ್ ಫೈಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಪ್ರಾಂಪ್ಟರ್ ಆ್ಯಪ್‌ಗೆ ಹಾಕಿದ ತಕ್ಷಣ ಹೀಗಾಗುತ್ತದೆ:

```
PÀ£ÀßqÀ
```

ಇದು ‘ಕನ್ನಡ’. ಆ ಫಾಂಟ್ ಇಲ್ಲದ ಕಡೆ ಹೀಗೇ ಕಾಣುತ್ತದೆ, ಆ್ಯಪ್ ಕೆಟ್ಟಿಲ್ಲ. ಯುನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳು ಸಿಗುತ್ತವೆ, ಅದರಲ್ಲಿ ಹಾಕಿ ತೆಗೆಯಿರಿ. ಆದರೆ ಬಂದ ಪಠ್ಯವನ್ನು ಒಂದು ಸಲ ಪೂರ್ತಿ ಓದಲೇಬೇಕು. ಅರ್ಕಾವತ್ತು ಇರುವ ಪದಗಳನ್ನು (ವರ್ಷ, ಕಾರ್ಯ, ನಿರ್ಧಾರ) ಮತ್ತು ಎರಡು ಒತ್ತು ಇರುವ ಪದಗಳನ್ನು (ಸ್ವಾತಂತ್ರ್ಯ, ರಾಷ್ಟ್ರ) ಮೊದಲು ನೋಡಿ. ಎಡವಟ್ಟು ಆಗಿದ್ದರೆ ಸಾಮಾನ್ಯವಾಗಿ ಅಲ್ಲೇ ಆಗಿರುತ್ತದೆ. ನಡುವೆ ಬಂದಿರುವ ಇಂಗ್ಲಿಷ್ ಪದಗಳೂ ಅಂಕಿಗಳೂ ಕನ್ವರ್ಟರ್‌ನಲ್ಲಿ ವಿಚಿತ್ರ ಕನ್ನಡವಾಗಿ ಬಿಟ್ಟಿರಬಹುದು.

ಇನ್ನೊಂದು ಚಿಕ್ಕ ತೊಂದರೆ ಇದೆ. ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಕೆಲವು ಆ್ಯಪ್‌ಗಳು ಅದನ್ನು ನುಂಗಿಬಿಡುತ್ತವೆ, ಆಗ ‘ಸಾಫ್ಟ್ವೇರ್’ ಅಂತ ಒತ್ತು ಮೇಲೆ ಒತ್ತು ಬಿದ್ದು ಕಾಣುತ್ತದೆ. ಎರಡು ಮೀಟರ್ ದೂರದಿಂದ ಅದನ್ನು ಓದಲು ಯಾರಿಗೂ ಆಗಲ್ಲ. ಅಂಥ ಪದ ಕಂಡರೆ ಬೇರೆ ಪದ ಹಾಕಿ, ಇಲ್ಲವೇ ‘ಸಾಫ್ಟು ವೇರು’ ಅಂತ ಬಾಯಿಗೆ ಬರುವ ಹಾಗೆ ಬಿಡಿಸಿ ಬರೆಯಿರಿ. ಈ ಪ್ರತಿಯನ್ನು ಓದುವವರು ಒಬ್ಬರೇ, ಕಾಗುಣಿತಕ್ಕೆ ಅಂಕ ಕೊಡುವವರು ಯಾರೂ ಇಲ್ಲ.

ಅಕ್ಷರದ ಗಾತ್ರ ಮೊದಲು, ಸಾಲು ಆಮೇಲೆ

ಈ ಕ್ರಮ ತಪ್ಪಿದರೆ ಕೆಲಸ ಎರಡು ಸಲ ಮಾಡಬೇಕಾಗುತ್ತದೆ. ನೀವು ಕೂತು ಒಂದೊಂದು ಸಾಲನ್ನೂ ಎಂಟರ್ ಒತ್ತಿ ಮುರಿದಿರುತ್ತೀರಿ, ಶೂಟಿಂಗ್ ಜಾಗದಲ್ಲಿ ‘ಇನ್ನೂ ಸ್ವಲ್ಪ ದೊಡ್ಡದು ಮಾಡಿ, ಕಾಣ್ತಿಲ್ಲ’ ಅನ್ನುತ್ತಾರೆ. ಫಾಂಟ್ ಹಿಗ್ಗಿಸಿದ ಕೂಡಲೇ ಪ್ರತಿ ಸಾಲಿನ ಕೊನೆಯ ಪದ ಕೆಳಗೆ ಬಿದ್ದು ಒಂಟಿಯಾಗಿ ನಿಲ್ಲುತ್ತದೆ, ಅಲ್ಲಿಗೆ ಎಲ್ಲಾ ಲೆಕ್ಕ ಕೆಟ್ಟಿತು.

ಹಾಗಾಗಿ ಮೊದಲು ಗಾತ್ರ ಗಟ್ಟಿ ಮಾಡಿಕೊಳ್ಳಿ. ಎರಡು ಮೀಟರ್ ದೂರಕ್ಕೆ ‘ಕ’ ಅಕ್ಷರ ಸ್ಕ್ರೀನಿನ ಮೇಲೆ ಸುಮಾರು ಒಂದು ಸೆಂಟಿಮೀಟರ್ ಎತ್ತರ ಇರಲಿ. ಆ್ಯಪ್‌ನಲ್ಲಿ ತೋರಿಸುವ ಸಂಖ್ಯೆಯನ್ನು ನಂಬಬೇಡಿ, ಒಂದೊಂದು ಆ್ಯಪ್‌ನಲ್ಲಿ ಒಂದೊಂದು ಲೆಕ್ಕ. ಸ್ಕೇಲ್ ಇಟ್ಟು ಅಳೆಯಿರಿ. ಆಮೇಲೆ ಮಾತಾಡುವವರನ್ನೇ ಅವರ ಜಾಗದಲ್ಲಿ ನಿಲ್ಲಿಸಿ ಈ ಸಾಲು ಓದಿಸಿ:

```
ದನ  ಧನ   ಬಾರ  ಭಾರ
ಕೊಡ  ಕೋಡು   ಪಲ್ಯ  ಫಲ
ಸ್ವಾತಂತ್ರ್ಯ  ರಾಷ್ಟ್ರೀಯ
```

ಕನ್ನಡದಲ್ಲಿ ದೂರದಿಂದ ಮೊದಲು ಮಾಯವಾಗುವುದು ಮಹಾಪ್ರಾಣದ ಆ ಸಣ್ಣ ಸೀಳು, ಆಮೇಲೆ ದೀರ್ಘ, ಆಮೇಲೆ ಅಡಿಯಲ್ಲಿರುವ ಒತ್ತು. ಮೂರೂ ತಡವರಿಸದೆ ಕಂಡರೆ ಗಾತ್ರ ಸರಿ ಇದೆ ಅಂತ ಅರ್ಥ. ಈ ಪರೀಕ್ಷೆ ಮಾಡುವಾಗ ಅವರು ಶೂಟಿಂಗ್‌ಗೆ ಯಾವ ಕನ್ನಡಕ ಹಾಕಿಕೊಳ್ಳುತ್ತಾರೋ ಅದನ್ನೇ ಹಾಕಿಕೊಂಡಿರಬೇಕು. ಚಾಳೀಸು ಇರುವುದು ಕೈಯಲ್ಲಿ ಹಿಡಿದ ಕಾಗದ ಓದಲು, ಎರಡು ಮೀಟರ್ ದೂರಕ್ಕೆ ಅದರಿಂದ ಮಸುಕಾಗಿ ಕಾಣುತ್ತದೆ. ಮೇಲೊಂದು ಕೆಳಗೊಂದು ಪವರ್ ಇರುವ ಕನ್ನಡಕ ಹಾಕಿದವರು ಅಕ್ಷರ ಹುಡುಕುತ್ತಾ ಗದ್ದ ಮೇಲೆತ್ತುತ್ತಾರೆ, ಕ್ಯಾಮೆರಾದಲ್ಲಿ ಅದು ಗತ್ತು ಮಾಡಿದ ಹಾಗೆ ಕಾಣುತ್ತದೆ. ಹಾಗಾದರೆ ಅಕ್ಷರ ಇನ್ನೊಂದು ಹೆಜ್ಜೆ ದೊಡ್ಡದು ಮಾಡಿ, ದೂರ ನೋಡುವ ಕನ್ನಡಕ ಬೇರೆ ಇದ್ದರೆ ಅದನ್ನು ತರಿಸಿ.

ಫಾಂಟ್ ಯಾವುದು? ಅಲಂಕಾರ ಇಲ್ಲದ, ಗೆರೆ ಒಂದೇ ದಪ್ಪ ಇರುವ ಫಾಂಟ್. Noto Sans Kannada ಅಥವಾ Anek Kannada ಎರಡೂ ಚೆನ್ನಾಗಿವೆ, ಎರಡರಲ್ಲೂ ಬೇರೆ ಬೇರೆ ದಪ್ಪ ಸಿಗುತ್ತದೆ. ನನ್ನ ಆಯ್ಕೆ ಮೀಡಿಯಂ ಅಥವಾ ಸೆಮಿಬೋಲ್ಡ್. ತೀರಾ ದಪ್ಪ ಬೇಡ. ಕನ್ನಡ ಅಕ್ಷರಗಳೆಲ್ಲ ದುಂಡು, ದಪ್ಪ ಜಾಸ್ತಿಯಾದರೆ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ, ಒತ್ತುಗಳಂತೂ ಬರೀ ಚುಕ್ಕೆಗಳಾಗುತ್ತವೆ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಬಿಳಿ ಹಿನ್ನೆಲೆ ಹಾಕಿದರೆ ಗಾಜಿನಲ್ಲಿ ಇಡೀ ಬಿಳಿ ಚೌಕ ಹೊಳೆದು ಕನ್ನಡಕದಲ್ಲೂ ಕಣ್ಣಲ್ಲೂ ಕಾಣುತ್ತದೆ.

ಸಾಲುಗಳ ನಡುವೆ ಅಂತರ ಧಾರಾಳವಾಗಿ ಬಿಡಿ. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲುವುದಿಲ್ಲ, ಯಾಕೆಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ, ಏತ್ವಕ್ಕೆ ತಾಗುತ್ತದೆ. ಆ್ಯಪ್‌ನಲ್ಲಿ 1.6 ಇಟ್ಟು ಶುರು ಮಾಡಿ. ‘ಸ್ವಾತಂತ್ರ್ಯ’ ಪದದ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿದ ಹಾಗೆ ಕಂಡರೆ ಇನ್ನೂ ಹೆಚ್ಚಿಸಿ. ಈ ಗಾತ್ರದಲ್ಲಿ ಒಂದು ಸಲಕ್ಕೆ ಆರು ಸಾಲು ಮಾತ್ರ ಕಾಣುತ್ತವೆ. ಅದು ಸಾಕು. ಓದುವ ಕಣ್ಣು ಇರುವುದು ಮೇಲಿನಿಂದ ಎರಡನೇ ಅಥವಾ ಮೂರನೇ ಸಾಲಿನಲ್ಲಿ, ಲೆನ್ಸ್ ಹಿಂದೆ ಇರುವುದೂ ಅಲ್ಲೇ ಆಗಿರಬೇಕು.

ಈಗ ಅತಿ ಉದ್ದದ ಸಾಲು ಎಷ್ಟು ಹಿಡಿಯುತ್ತದೆ ಎಣಿಸಿ. ಟ್ಯಾಬನ್ನು ಅಡ್ಡ ಇಟ್ಟು, ಎರಡೂ ಬದಿಗೆ ಅಂಚು ಬಿಟ್ಟು, ಮೇಲಿನ ಗಾತ್ರದಲ್ಲಿ ಸುಮಾರು 14 ಅಕ್ಷರ ಕೂರುತ್ತವೆ. ಪದ ಎಣಿಸಬೇಡಿ, ಅಕ್ಷರ ಎಣಿಸಿ. ‘ಮುಖ್ಯಮಂತ್ರಿಯಾಗಿದ್ದಾಗ’ ಒಂದೇ ಪದ, ಆದರೆ ಎಂಟು ಅಕ್ಷರ. ನಮ್ಮ ಪದಗಳು ಪ್ರತ್ಯಯ ಅಂಟಿಸಿಕೊಂಡು ಬೆಳೆಯುತ್ತವೆ, ಹಾಗಾಗಿ ಸಾಲಿಗೆ ನಾಲ್ಕೈದು ಪದ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಎಷ್ಟೋ ಸಾಲುಗಳಲ್ಲಿ ಎರಡೇ ಪದ ಇರುತ್ತವೆ. ಸ್ಕ್ರೀನ್ ದೊಡ್ಡದಿದೆ ಅಂತ 14ಕ್ಕಿಂತ ಉದ್ದ ಹೋಗಬೇಡಿ, ಇಷ್ಟು ಹತ್ತಿರದಲ್ಲಿ ಸಾಲು ಅಗಲವಾದಷ್ಟೂ ಕಣ್ಣು ಓಡುವುದು ಗೊತ್ತಾಗುತ್ತದೆ.

ಸಾಲು ಮುರಿಯುವ ಮೊದಲು ವಾಕ್ಯ ಬಿಡಿಸಿ

ಒಂದು ನಿಜವಾದ ರೀತಿಯ ವಾಕ್ಯ ತೆಗೆದುಕೊಳ್ಳೋಣ. ರಾಜ್ಯೋತ್ಸವದ ಭಾಷಣಗಳಲ್ಲಿ ಇದರ ಅಣ್ಣತಮ್ಮಂದಿರು ನಿಮಗೆ ಸಿಕ್ಕೇ ಸಿಗುತ್ತಾರೆ:

1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್ ಹಾಗೂ ಕೊಡಗು ರಾಜ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡ ಭಾಷಿಕ ಪ್ರದೇಶಗಳು ಏಕೀಕರಣಗೊಂಡು ರೂಪುಗೊಂಡ ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಆಗಿನ ಮುಖ್ಯಮಂತ್ರಿಗಳಾಗಿದ್ದ ಶ್ರೀ ಡಿ. ದೇವರಾಜ ಅರಸುರವರ ಅಧಿಕಾರಾವಧಿಯಲ್ಲಿ ‘ಕರ್ನಾಟಕ’ ಎಂದು ನಾಮಕರಣ ಮಾಡಲಾಯಿತು.

ಮೂವತ್ತಕ್ಕೂ ಜಾಸ್ತಿ ಪದ, ಒಂದೇ ಕ್ರಿಯಾಪದ, ಅದೂ ಕಟ್ಟಕಡೆಗೆ. ಇದನ್ನು ಎಷ್ಟೇ ಚಂದವಾಗಿ 14 ಅಕ್ಷರದ ಸಾಲುಗಳಾಗಿ ಕತ್ತರಿಸಿದರೂ ಪ್ರಯೋಜನ ಇಲ್ಲ. ಓದುವವರಿಗೆ ಕಾಣುವುದು ಆರೇ ಸಾಲು, ವಾಕ್ಯ ಎಲ್ಲಿಗೆ ಹೋಗುತ್ತಿದೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ‘ಹಂಚಿಹೋಗಿದ್ದ’ ಅಂದಾಗ ಯಾವುದು ಹಂಚಿಹೋಗಿದ್ದು ಅನ್ನುವುದು ಇನ್ನೂ ಕೆಳಗಿದೆ. ‘ರೂಪುಗೊಂಡ’ ಅಂದಾಗಲೂ ಅಷ್ಟೇ. ಕನ್ನಡದಲ್ಲಿ ವಿಶೇಷಣವೆಲ್ಲ ಮುಂದೆ ಬಂದು ಹೆಸರು ಆಮೇಲೆ ಬರುತ್ತದೆ, ಕ್ರಿಯೆ ಎಲ್ಲಕ್ಕಿಂತ ಕೊನೆಗೆ. ಪುಟದಲ್ಲಿ ಕಣ್ಣು ಮುಂದೆ ಹಾರಿ ನೋಡಿ ಬರುತ್ತದೆ, ಪ್ರಾಂಪ್ಟರ್‌ನಲ್ಲಿ ಮುಂದೆ ಹಾರಲು ಜಾಗವೇ ಇಲ್ಲ.

ಅದಕ್ಕೆ ಇಲ್ಲೊಂದು ಗಟ್ಟಿ ನಿಯಮ ಇಟ್ಟುಕೊಳ್ಳಿ. ಯಾವ ವಾಕ್ಯವೂ ಐದು ಸಾಲಿಗಿಂತ ಉದ್ದ ಇರಬಾರದು. ಓದಲು ಶುರು ಮಾಡಿದಾಗಲೇ ಅದರ ಕೊನೆಯ ಕ್ರಿಯಾಪದ ಸ್ಕ್ರೀನಿನಲ್ಲಿ ಕಾಣುತ್ತಿರಬೇಕು, ಅಥವಾ ಕಾಣುವ ಹತ್ತಿರ ಇರಬೇಕು. ಇಲ್ಲವಾದರೆ ವಾಕ್ಯವನ್ನೇ ಒಡೆಯಿರಿ. ‘-ಗೊಂಡು’, ‘-ಲಾಗಿ’, ‘-ದ್ದರಿಂದ’ ಇರುವ ಕಡೆಯಲ್ಲಿ ಅದನ್ನು ಪೂರ್ಣ ಕ್ರಿಯಾಪದ ಮಾಡಿ ಚುಕ್ಕೆ ಇಡಿ. ‘ನಾಮಕರಣ ಮಾಡಲಾಯಿತು’ ಅನ್ನುವುದನ್ನು ಬಾಯಿಗೆ ಬರುವ ಮಾತು ಮಾಡಿ.

ಭಾಷಣ ಬರೆದವರು ಬೇರೆಯವರಾದರೆ ಈ ಬದಲಾವಣೆಗೆ ಅವರ ಒಪ್ಪಿಗೆ ತೆಗೆದುಕೊಳ್ಳಿ. ‘ಸರ್, ಅರ್ಥ ಬದಲಾಯಿಸಿಲ್ಲ, ಉಸಿರಿಗೆ ಸಿಗೋ ಹಾಗೆ ಬಿಡಿಸಿದ್ದೀನಿ, ಒಂದ್ಸಲ ಜೋರಾಗಿ ಓದಿ ನೋಡಿ’ ಅಂತ ಹೇಳಿ ಕೊಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮನಸ್ಸಿನಲ್ಲೇ ಓದಿದರೆ ಹಳೆಯದೇ ಗಂಭೀರವಾಗಿದೆ ಅನ್ನಿಸುತ್ತದೆ, ಜೋರಾಗಿ ಓದಿದವರಿಗೆ ವ್ಯತ್ಯಾಸ ಹೇಳಿಕೊಡಬೇಕಿಲ್ಲ.

ಅಂಕಿಗಳನ್ನೂ ಈ ಹಂತದಲ್ಲೇ ಅಕ್ಷರಕ್ಕೆ ಇಳಿಸಿಬಿಡಿ. ‘1,25,000’ ಅನ್ನುವುದನ್ನು ಓಡುವ ಪಠ್ಯದಲ್ಲಿ ಯಾರೂ ತಕ್ಷಣ ಓದಲಾರರು, ‘ಒಂದು ಲಕ್ಷ / ಇಪ್ಪತ್ತೈದು ಸಾವಿರ’ ಅಂತ ಎರಡು ಸಾಲು ಮಾಡಿ. ಇಸವಿಯನ್ನು ಅವರು ಹೇಗೆ ಹೇಳುತ್ತಾರೆ ಅಂತ ಕೇಳಿ. ಕೆಲವರು ‘ಹತ್ತೊಂಬತ್ತು ನೂರಾ ಐವತ್ತಾರು’ ಅನ್ನುತ್ತಾರೆ, ಕೆಲವರು ‘ಸಾವಿರದ ಒಂಬೈನೂರ ಐವತ್ತಾರು’. ಅವರ ಬಾಯಿಗೆ ರೂಢಿ ಇರುವುದನ್ನೇ ಬರೆಯಿರಿ. ‘ಡಾ.’, ‘ಕಿ.ಮೀ.’, ‘ರೂ.’ ಎಲ್ಲವೂ ಪೂರ್ತಿ ಪದಗಳಾಗಲಿ.

ಎಲ್ಲಿ ಮುರಿಯಬೇಕು, ಎಲ್ಲಿ ಮುರಿಯಬಾರದು

ವರ್ಡ್‌ನಲ್ಲಿ ಮಾಡುತ್ತಿದ್ದರೆ ಮೊದಲ ಒರಟು ಕೆಲಸವನ್ನು ಹುಡುಕಿ ಬದಲಿಸುವ ಡಬ್ಬಿಗೆ ಬಿಡಬಹುದು. ಮೇಲಿನ ಡಬ್ಬಿಯಲ್ಲಿ ಚುಕ್ಕೆ ಮತ್ತು ಒಂದು ಸ್ಪೇಸ್, ಕೆಳಗಿನ ಡಬ್ಬಿಯಲ್ಲಿ ಇದು:

```
.^p^p
```

ಪ್ರತಿ ವಾಕ್ಯವೂ ಬೇರೆಯಾಗಿ, ನಡುವೆ ಖಾಲಿ ಸಾಲು ಬರುತ್ತದೆ. ಆದರೆ ಇದು ‘ಡಿ. ದೇವರಾಜ ಅರಸು’ ಅನ್ನುವಲ್ಲಿಯೂ ಮುರಿಯುತ್ತದೆ, ಇನಿಷಿಯಲ್ ಇರುವ ಹೆಸರುಗಳನ್ನು ಆಮೇಲೆ ಒಂದೊಂದಾಗಿ ಜೋಡಿಸಬೇಕು. ಇಲ್ಲಿಂದ ಮುಂದೆ ಎಲ್ಲಾ ಕೈಕೆಲಸ. ವಾಕ್ಯವನ್ನು ಮೆಲ್ಲಗೆ ಹೇಳಿಕೊಳ್ಳುತ್ತಾ, ಅರ್ಥದ ಒಂದು ತುಂಡು ಮುಗಿದ ಕಡೆ ಎಂಟರ್ ಒತ್ತುತ್ತಾ ಹೋಗಿ.

‘-ಅಲ್ಲಿ’, ‘-ಇಂದ’, ‘-ಗೆ’, ‘-ಅನ್ನು’ ಮುಗಿದ ಮೇಲೆ ಸಾಮಾನ್ಯವಾಗಿ ಮುರಿಯಬಹುದು. ‘ನಂತರ’, ‘ಆದ್ದರಿಂದ’, ‘ಇದ್ದಾಗ’ ಆದಮೇಲೂ ಮುರಿಯಬಹುದು. ಮುರಿಯಬಾರದ ಜಾಗಗಳು ಮೂರು ಇವೆ, ಅವುಗಳ ಬಗ್ಗೆ ಹಟ ಹಿಡಿಯಲೇಬೇಕು.

ಒಂದು, ವಿಶೇಷಣ ಮತ್ತು ಅದರ ಹೆಸರು. ‘ಹಂಚಿಹೋಗಿದ್ದ’ ಅಂತ ಸಾಲು ಮುಗಿಸಿ ‘ಪ್ರದೇಶಗಳು’ ಅಂತ ಕೆಳಗೆ ಹಾಕಿದರೆ, ಓದುವವರ ದನಿ ‘ಹಂಚಿಹೋಗಿದ್ದ’ ಹತ್ತಿರ ಇಳಿದು ‘ಯಾರೋ ಒಬ್ಬ ಹಂಚಿಹೋಗಿದ್ದ’ ಅನ್ನುವ ಹಾಗೆ ಕೇಳುತ್ತದೆ. ‘ಬಂದ’, ‘ಮಾಡಿದ್ದ’, ‘ಹೇಳಿದ’ ಎಲ್ಲದಕ್ಕೂ ಇದೇ ಅಪಾಯ, ಅವು ವಿಶೇಷಣವೂ ಹೌದು, ಪೂರ್ತಿ ಕ್ರಿಯಾಪದವೂ ಹೌದು.

ಎರಡು, ಕೊನೆಗೆ ಬರುವ ‘ಇಲ್ಲ’, ‘ಅಲ್ಲ’, ‘ಬೇಡ’. ‘ನಾವು ಇದನ್ನು ಮರೆಯಬೇಕು / ಎಂದು ನಾನು ಹೇಳುತ್ತಿಲ್ಲ’ ಅಂತ ಮುರಿದರೆ ಮೊದಲ ಸಾಲು ಅಪ್ಪಣೆ ಕೊಟ್ಟ ಹಾಗೆ ಬಾಯಿಂದ ಬಂದುಬಿಡುತ್ತದೆ. ಆ ತುಣುಕನ್ನು ಯಾರಾದರೂ ಕತ್ತರಿಸಿ ಹಂಚಿದರೆ ಇನ್ನೂ ಕಷ್ಟ. ಇಂಥ ವಾಕ್ಯವನ್ನು ಮುರಿಯುವ ಬದಲು ತಿರುಗಿಸಿ ಬರೆಯಿರಿ: ‘ಇದನ್ನು ಮರೆಯೋದು ಬೇಡ.’ ಒಂದೇ ಸಾಲಿನಲ್ಲಿ ಮುಗಿಯಿತು.

ಮೂರು, ಜನರ ಹೆಸರು. ‘ದೇವರಾಜ’ ಒಂದು ಸಾಲು, ‘ಅರಸು’ ಇನ್ನೊಂದು ಸಾಲು ಆಗಕೂಡದು. ವೇದಿಕೆಯ ಮೇಲಿರುವವರ ಹೆಸರಂತೂ ಬಿರುದು ಸಮೇತ ಒಂದೇ ಸಾಲಿನಲ್ಲಿರಲಿ, ಹಿಡಿಸದಿದ್ದರೆ ಬಿರುದು ಮೇಲೆ, ಹೆಸರು ಕೆಳಗೆ.

‘ಮತ್ತು’, ‘ಆದರೆ’, ‘ಹಾಗಾಗಿ’ ಯಾವಾಗಲೂ ಸಾಲಿನ ಮೊದಲಲ್ಲಿ ಇರಲಿ. ಕೊನೆಯಲ್ಲಿದ್ದರೆ ‘ಮತ್ತುಉಉ’ ಅಂತ ಎಳೆಯುತ್ತಾ ಮುಂದಿನ ಸಾಲಿಗೆ ಕಾಯುತ್ತಾರೆ. ಪದವನ್ನು ಅರ್ಧಕ್ಕೆ ಮುರಿದು ಅಡ್ಡಗೆರೆ ಹಾಕುವುದಂತೂ ಬೇಡವೇ ಬೇಡ. ಒಂದೇ ಸಾಲನ್ನೆಲ್ಲ ತುಂಬಿಬಿಡುವಷ್ಟು ಉದ್ದದ ಸಮಾಸಪದ ಸಿಕ್ಕರೆ, ಉದಾಹರಣೆಗೆ ‘ವಿದ್ಯಾರ್ಥಿಪ್ರತಿನಿಧಿಗಳೆಲ್ಲರಿಗೂ’, ಅದನ್ನು ‘ವಿದ್ಯಾರ್ಥಿ ಪ್ರತಿನಿಧಿಗಳು / ಎಲ್ಲರಿಗೂ’ ಅಂತ ಬಿಡಿಸಿ.

ನಿಲುಗಡೆಯ ಗುರುತು

ಗುರುತು ಎರಡೇ ಸಾಕು. ಸಾಲಿನ ಕೊನೆಗೆ ಒಂದು ಓರೆಗೆರೆ ಇದ್ದರೆ ಸಣ್ಣ ಉಸಿರು. ಎರಡು ಓರೆಗೆರೆ ತಾವೇ ಒಂದು ಸಾಲಿನಲ್ಲಿ ನಿಂತಿದ್ದರೆ ಪೂರ್ತಿ ನಿಲುಗಡೆ. ಮೂರನೇ, ನಾಲ್ಕನೇ ಗುರುತು ಕಂಡುಹಿಡಿಯಬೇಡಿ, ಕ್ಯಾಮೆರಾ ಓಡುವಾಗ ಯಾರಿಗೂ ನೆನಪಿರಲ್ಲ. ‘ಇಲ್ಲಿ ನಿಲ್ಲಿ’, ‘ನಗುಮುಖ’ ಅಂತ ಅಕ್ಷರದಲ್ಲಿ ಬರೆಯಬೇಡಿ. ಅದನ್ನೂ ಓದಿಬಿಡುತ್ತಾರೆ. ಸ್ಕ್ರೀನಿನಲ್ಲಿ ಅಕ್ಷರ ಅಂತ ಇರುವುದೆಲ್ಲ ಬಾಯಿಂದ ಬರುವ ಮಾತೇ ಆಗಿರಬೇಕು.

ಒತ್ತಿ ಹೇಳಬೇಕಾದ ಪದಕ್ಕೆ ಅಡಿಗೆರೆ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅಡಿಗೆರೆ ನೇರವಾಗಿ ಒತ್ತಕ್ಷರದ ಮೇಲೆ ಹಾದುಹೋಗುತ್ತದೆ. ಆ ಪದಕ್ಕೆ ಹಳದಿ ಬಣ್ಣ ಕೊಡಿ, ಅದೂ ಒಂದು ಸ್ಕ್ರೀನಿಗೆ ಒಂದೇ ಪದ.

ಮೇಲಿನ ವಾಕ್ಯ ಇಷ್ಟೂ ಕೆಲಸ ಮುಗಿದ ಮೇಲೆ ಹೀಗಾಗುತ್ತದೆ:

```
ಕನ್ನಡ ಮಾತಾಡುವ ಜನ ಆಗ
ಐದು ಕಡೆ ಹಂಚಿಹೋಗಿದ್ದರು.
//
ಮೈಸೂರು, ಮುಂಬಯಿ, /
ಹೈದರಾಬಾದ್, ಮದ್ರಾಸ್, /
ಮತ್ತು ಕೊಡಗು.
//
ಸಾವಿರದ ಒಂಬೈನೂರ
ಐವತ್ತಾರನೇ ಇಸವಿ
ನವೆಂಬರ್ ಒಂದನೇ ತಾರೀಕು /
ಈ ಐದೂ ಕಡೆಯ ಜಿಲ್ಲೆಗಳು
ಸೇರಿ ಒಂದು ರಾಜ್ಯವಾಯಿತು.
//
ಆಗ ಅದರ ಹೆಸರು ಮೈಸೂರು.
//
ಹದಿನೇಳು ವರ್ಷದ ನಂತರ /
ಮತ್ತೆ ನವೆಂಬರ್ ಒಂದರಂದು /
ದೇವರಾಜ ಅರಸು ಅವರು
ಮುಖ್ಯಮಂತ್ರಿಯಾಗಿದ್ದಾಗ
//
ಅದು ಕರ್ನಾಟಕವಾಯಿತು.
```

ಇಲ್ಲಿ ಒಂದೆರಡು ತೀರ್ಮಾನ ನೋಡಿ. ಎರಡನೇ ಇಸವಿಯನ್ನು ನಾನು ತೆಗೆದಿದ್ದೇನೆ. ‘ಹದಿನೇಳು ವರ್ಷದ ನಂತರ ಮತ್ತೆ ನವೆಂಬರ್ ಒಂದರಂದು’ ಅಂದರೆ ಕೇಳುವವರಿಗೆ 1973 ಅಂತ ಗೊತ್ತಾಗುತ್ತದೆ, ಎರಡೂ ಘಟನೆ ಒಂದೇ ತಾರೀಕಿಗೆ ಆಗಿದ್ದು ಎದ್ದು ಕಾಣುತ್ತದೆ. ಇಸವಿ ಬೇಕೇ ಬೇಕು ಅಂದರೆ ಎರಡು ಸಾಲು ಸೇರಿಸಿ, ತೊಂದರೆ ಇಲ್ಲ. ಕೊನೆಯ ಎರಡು ಓರೆಗೆರೆ ವಾಕ್ಯದ ನಡುವೆಯೇ ಇದೆ. ಬೇರೆ ಕಡೆ ಹಾಗೆ ಮಾಡಬಾರದು, ಇಲ್ಲಿ ಮಾಡಬಹುದು. ಯಾಕೆಂದರೆ ‘ಇದ್ದಾಗ’ ಅಂದಮೇಲೆ ಏನೋ ಬರಬೇಕು ಅಂತ ಕೇಳುವವರಿಗೆ ಗೊತ್ತಿರುತ್ತದೆ, ಆ ಒಂದೂವರೆ ಸೆಕೆಂಡ್ ಅವರು ಕಾಯುತ್ತಾರೆ. ‘ಕರ್ನಾಟಕ’ ಒಂದಕ್ಕೆ ಮಾತ್ರ ಹಳದಿ ಕೊಡಿ.

ನಿಲುಗಡೆಗೂ ಸಮಯ ಹಿಡಿಯುತ್ತದೆ

ಒಂದೂವರೆ ಸೆಕೆಂಡ್ ಎಲ್ಲಿಂದ ಬಂತು? ಮಾತಾಡುವವರ ವೇಗದಿಂದ. ಅವರಿಗೆ ಭಾಷಣದ ಒಂದು ಭಾಗ ಕೊಟ್ಟು ಸಹಜವಾಗಿ ಒಂದು ನಿಮಿಷ ಓದಿಸಿ, ಎಷ್ಟು ಪದ ಆಯಿತು ಎಣಿಸಿ. 100 ಆಯಿತು ಅಂತ ಇಟ್ಟುಕೊಳ್ಳಿ. ಸಾಲಿಗೆ ಸರಾಸರಿ ಎರಡೂವರೆ ಪದ ಇದ್ದರೆ ನಿಮಿಷಕ್ಕೆ 40 ಸಾಲು, ಒಂದು ಸಾಲಿಗೆ ಒಂದೂವರೆ ಸೆಕೆಂಡ್. ಮೇಲಿನ ತುಂಡಿನಲ್ಲಿ ನಿಲುಗಡೆ ಸೇರಿ 21 ಸಾಲು ಇದೆ, ಅಂದರೆ ಹೆಚ್ಚುಕಡಿಮೆ ಅರ್ಧ ನಿಮಿಷ.

ಆ್ಯಪ್ ತಾನಾಗಿ ಒಂದೇ ವೇಗದಲ್ಲಿ ಸ್ಕ್ರಾಲ್ ಆಗುತ್ತಿದ್ದರೆ ಈ ಲೆಕ್ಕ ತುಂಬಾ ಮುಖ್ಯ. ಅದಕ್ಕೆ ಪದ ಗೊತ್ತಿಲ್ಲ, ಸಾಲು ಮಾತ್ರ ಗೊತ್ತು. ಎರಡಕ್ಷರದ ಸಾಲಿಗೂ 14 ಅಕ್ಷರದ ಸಾಲಿಗೂ ಅದು ಒಂದೇ ಹೊತ್ತು ಕೊಡುತ್ತದೆ. ನಿಲುಗಡೆಗೆ ಬೇರೆ ಸಾಲು ಇಟ್ಟಿದ್ದು ಇದಕ್ಕೇ, ಆ ಖಾಲಿ ಜಾಗ ಹಾದುಹೋಗುವವರೆಗೂ ಮುಂದಿನ ಸಾಲು ಬರುವುದಿಲ್ಲ, ಓದುವವರು ಗಾಬರಿ ಇಲ್ಲದೆ ನಿಲ್ಲಬಹುದು. ಇದೇ ಕಾರಣಕ್ಕೆ ಸಾಲುಗಳ ಉದ್ದ ಎಂಟರಿಂದ ಹನ್ನೆರಡು ಅಕ್ಷರದ ಒಳಗೆ ಇದ್ದರೆ ಒಳ್ಳೆಯದು. ಪಕ್ಕದಲ್ಲಿ ಒಬ್ಬರು ಕೂತು ರಿಮೋಟ್‌ನಿಂದ ಸ್ಕ್ರಾಲ್ ಮಾಡುವುದಾದರೆ ಇಷ್ಟು ಬಿಗಿ ಬೇಡ, ಅವರು ಬಾಯಿ ನೋಡಿಕೊಂಡು ನಿಧಾನ ಮಾಡುತ್ತಾರೆ. ಸಾಧ್ಯ ಇದ್ದರೆ ಒಬ್ಬರನ್ನು ಕೂರಿಸುವುದೇ ಮೇಲು.

ಐದು ನಿಮಿಷ ಅಂದರೆ ಒಟ್ಟು 200 ಸಾಲು. ಅದರಲ್ಲಿ 30 ನಿಲುಗಡೆ ಹೋದರೆ ಮಾತಿಗೆ ಉಳಿಯುವುದು 170 ಸಾಲು, ಸುಮಾರು 425 ಪದ. ‘ನಿಮಿಷಕ್ಕೆ ನೂರು, ಐದು ನಿಮಿಷಕ್ಕೆ ಐನೂರು’ ಅಂತ ಬರೆಸಿದ್ದರೆ ಮುಕ್ಕಾಲು ನಿಮಿಷದ ಮಾತು ಜಾಸ್ತಿ ಇದೆ. ಆಗ ಪದ ಕಡಿಮೆ ಮಾಡಿ, ನಿಲುಗಡೆ ತೆಗೆಯಬೇಡಿ. ಸ್ಕ್ರಾಲ್ ವೇಗ ಹೆಚ್ಚಿಸುವುದಂತೂ ಬೇಡ, ಹಿಂದೆ ಬಿದ್ದ ಓದುವವರ ಕಣ್ಣು ಸ್ಕ್ರೀನಿನ ಮೇಲಂಚಿಗೆ ಏರುತ್ತಾ ಹೋಗುತ್ತದೆ, ಲೆನ್ಸ್ ಬಿಟ್ಟು ಆಕಾಶ ನೋಡುತ್ತಿರುವ ಹಾಗೆ ಕಾಣುತ್ತದೆ.

ಗಾಜಿನ ಮುಂದೆ

ಮಿರರ್ ಆನ್ ಮಾಡಿ. ಗಾಜಿನಲ್ಲಿ ಪಠ್ಯ ತಿರುಗುಮುರುಗಾಗುವುದರಿಂದ ಟ್ಯಾಬ್‌ನಲ್ಲಿ ಅದು ಕನ್ನಡಿಯ ಬರಹದ ಹಾಗೆ ಇರಬೇಕು, ಗಾಜಿನಲ್ಲಿ ನೋಡಿದಾಗ ಸರಿಯಾಗುತ್ತದೆ. ಸ್ಕ್ರೀನ್ ನೇರವಾಗಿ ಕ್ಯಾಮೆರಾ ಪಕ್ಕ ಇಟ್ಟಿದ್ದರೆ ಇದು ಬೇಡ. ಪಠ್ಯದ ಮೊದಲಿಗೆ ಐದಾರು ಖಾಲಿ ಸಾಲು ಬಿಡಿ, ಇಲ್ಲದಿದ್ದರೆ ಪ್ಲೇ ಒತ್ತಿದ ಕೂಡಲೇ ಮೊದಲ ಮಾತು ಓಡಿಹೋಗಿರುತ್ತದೆ. ಕೊನೆಗೂ ಅಷ್ಟೇ ಬಿಡಿ, ಆಗ ಕೊನೆಯ ಸಾಲು ಕಣ್ಣಿನ ಮಟ್ಟಕ್ಕೆ ಬಂದು ಮುಗಿಯುತ್ತದೆ.

ಒಂದು ಸಲ ಪೂರ್ತಿ ಓದಿಸಿ, ರೆಕಾರ್ಡ್ ಮಾಡಿ, ಪಕ್ಕದಲ್ಲಿ ಸ್ಕ್ರಿಪ್ಟ್ ಇಟ್ಟುಕೊಂಡು ನೋಡಿ. ಕಣ್ಣು ಅಡ್ಡಡ್ಡ ಓಡುತ್ತಿದ್ದರೆ ಸಾಲು ಉದ್ದವಾಯಿತು, ಅಥವಾ ಮಾತಾಡುವವರು ಹತ್ತಿರ ಇದ್ದಾರೆ. ಅರ್ಧ ಮೀಟರ್ ಹಿಂದೆ ಸರಿಸಿದರೂ ಓಡಾಟ ಕಡಿಮೆ ಕಾಣುತ್ತದೆ, ಆದರೆ ಅಕ್ಷರದ ಪರೀಕ್ಷೆ ಮತ್ತೆ ಮಾಡಬೇಕು. ಪ್ರತಿ ಸಾಲಿಗೂ ದನಿ ಇಳಿಯುತ್ತಿದ್ದರೆ ಸಾಲುಗಳು ಗಿಡ್ಡವಾಗಿಬಿಟ್ಟಿವೆ, ಪಕ್ಕದ ಎರಡನ್ನು ಸೇರಿಸಿ ನೋಡಿ. ಒಂದೇ ಪದದ ಹತ್ತಿರ ಎರಡು ಸಲ ತಡವರಿಸಿದರೆ ಆ ಪದವನ್ನೇ ಬದಲಾಯಿಸಿ, ಮೂರನೇ ಸಲ ಸರಿ ಹೋಗುತ್ತದೆ ಅಂತ ಕಾಯಬೇಡಿ. ಅವರು ಓದುವಾಗ ತಾವಾಗಿಯೇ ಬೇರೆ ಪದ ಹೇಳಿದ್ದರೆ, ‘ಪ್ರಸ್ತುತ’ ಅಂತ ಇದ್ದಲ್ಲಿ ‘ಈಗ’ ಅಂದಿದ್ದರೆ, ಪಠ್ಯದಲ್ಲೂ ‘ಈಗ’ ಅಂತಲೇ ತಿದ್ದಿ.

ಕೊನೆ ಗಳಿಗೆಯ ತಿದ್ದುಪಡಿ ಬಂದೇ ಬರುತ್ತದೆ, ಯಾರದೋ ಹೆಸರು ಸೇರಿಸಬೇಕು, ಯಾವುದೋ ಸಾಲು ತೆಗೆಯಬೇಕು. ಅದನ್ನು ಮೂಲ ವರ್ಡ್ ಫೈಲಿನಲ್ಲಿ ತಿದ್ದಿ ಮತ್ತೆ ಪೂರ್ತಿ ಪೇಸ್ಟ್ ಮಾಡಬೇಡಿ, ಮುರಿದ ಸಾಲುಗಳೂ ಗುರುತುಗಳೂ ಹೋಗುತ್ತವೆ. ಪ್ರಾಂಪ್ಟರ್ ಪ್ರತಿಯಲ್ಲೇ ತಿದ್ದಿ, ಸೇರಿಸಿದ ಸಾಲಿನ ಅಕ್ಷರ ಎಣಿಸಿ, ಅದರ ಮೇಲಿನ ಮತ್ತು ಕೆಳಗಿನ ಐದು ಸಾಲಿನ ಜೊತೆ ಒಂದು ಸಲ ಜೋರಾಗಿ ಓದಿಸಿ. ಅದೇ ಪ್ರತಿಯನ್ನು 28 ಪಾಯಿಂಟ್‌ನಲ್ಲಿ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ಪಿನ್ ಹೊಡೆಯದೆ, ಪುಟಕ್ಕೆ ದೊಡ್ಡ ಸಂಖ್ಯೆ ಹಾಕಿ, ಯಾವ ವಾಕ್ಯವೂ ಪುಟ ದಾಟದ ಹಾಗೆ. ಟ್ಯಾಬ್‌ನ ಚಾರ್ಜ್ ಮುಗಿದರೆ ಕ್ಯಾಮೆರಾ ಪಕ್ಕ ಒಬ್ಬರು ಹಿಡಿದುಕೊಂಡು ನಿಂತರೂ ಕೆಲಸ ನಡೆಯುತ್ತದೆ.